ಅರವತ್ತಕ್ಕೆ ಎಂದೂ ಇಳಿಯದ ಪುಸ್ತಕ

ಕನ್ನಡ ಪುಸ್ತಕದ ಮುಖಪುಟ ತಿರುಗಿಸಿದರೆ ಒಳಗೆ ಸಣ್ಣಕ್ಷರದಲ್ಲಿ ಒಂದು ವಿವರ ಸಿಗುತ್ತದೆ. ಮೊದಲ ಮುದ್ರಣದ ವರ್ಷ, ಪುಟಗಳು ಎಷ್ಟು, ಆಕಾರ 1/8 ಡೆಮಿ, ಬಳಸಿದ ಕಾಗದ 70 ಜಿಎಸ್ಎಂ ಮ್ಯಾಪ್‌ಲಿಥೊ, ಪ್ರತಿಗಳು 1000. ಓದುಗರು ಇದನ್ನು ದಾಟಿ ಸೀದಾ ಮುನ್ನುಡಿಗೆ ಹೋಗುತ್ತಾರೆ. ಆದರೆ ಆ ಪುಸ್ತಕಕ್ಕೆ ಅಷ್ಟು ಬೆಲೆ ಯಾಕೆ ಬಿತ್ತು ಎಂದು ಕೇಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಅದರಲ್ಲೂ ಕೊನೆಯ ಸಂಖ್ಯೆಯನ್ನು.

ಒಂದು ಪುಸ್ತಕ ತಯಾರಾಗುವಾಗ ಖರ್ಚು ಎರಡು ಜಾತಿಯದು. ಅಕ್ಷರ ಜೋಡಣೆ ಮಾಡಿ ಪುಟ ಕಟ್ಟಬೇಕು, ಕರಡು ತಿದ್ದಿಸಬೇಕು, ಮುಖಪುಟ ಬರೆಸಬೇಕು, ಪ್ಲೇಟು ಮಾಡಿಸಬೇಕು, ಆ ಪ್ಲೇಟನ್ನು ಯಂತ್ರಕ್ಕೆ ಕೂರಿಸಿ ಶಾಯಿ ಹದಕ್ಕೆ ತರಬೇಕು. ಒಂದೇ ಪ್ರತಿ ಬೇಕಾದರೂ ಇಷ್ಟೂ ಆಗಲೇಬೇಕು, ಹತ್ತು ಸಾವಿರ ಬೇಕಾದರೂ ಇದಕ್ಕಿಂತ ಹೆಚ್ಚು ಬೇಡ. ಇದು ಸ್ಥಿರ ವೆಚ್ಚ. ಇನ್ನೊಂದು, ಪ್ರತಿಯೊಂದಕ್ಕೂ ಹೊಸದಾಗಿ ತಗಲುವ ಕಾಗದ, ಶಾಯಿ, ಹೊದಿಕೆಯ ರಟ್ಟು, ಬೈಂಡಿಂಗ್ ಕೂಲಿ. ಇದು ಬದಲಾಗುವ ವೆಚ್ಚ.

192 ಪುಟದ ಒಂದು ಕಾದಂಬರಿ ಎಂದಿಟ್ಟುಕೊಳ್ಳೋಣ. ಡಬಲ್ ಡೆಮಿ ಹಾಳೆಯ ಒಂದು ಮಗ್ಗುಲಿಗೆ 16 ಪುಟ ಕೂರುತ್ತವೆ. ಎರಡೂ ಮಗ್ಗುಲು ಸೇರಿ ಒಂದು ಹಾಳೆಗೆ 32 ಪುಟ, ಅಂದರೆ ಒಂದು ಪ್ರತಿಗೆ ಆರು ಹಾಳೆ. ಸಾವಿರ ಪ್ರತಿಗೆ ಆರು ಸಾವಿರ ಹಾಳೆ, ಐನೂರು ಹಾಳೆಗೆ ಒಂದು ರೀಮಿನಂತೆ 12 ರೀಮು. ಎರಡು ಸಾವಿರ ಪ್ರತಿ ಎಂದರೆ ನೇರವಾಗಿ 24 ರೀಮು. ಪ್ಲೇಟುಗಳ ಲೆಕ್ಕ ಹಾಗಲ್ಲ. ಒಳಪುಟಗಳಿಗೆ 12 ಪ್ಲೇಟು, ಬಣ್ಣದ ಮುಖಪುಟಕ್ಕೆ ನಾಲ್ಕು, ಒಟ್ಟು 16. ಸಾವಿರಕ್ಕೂ ಅಷ್ಟೇ, ಎರಡು ಸಾವಿರಕ್ಕೂ ಅಷ್ಟೇ. ಕಾಗದವೆಲ್ಲ ಬದಲಾಗುವ ವೆಚ್ಚ ಎಂದು ಕಣ್ಣು ಮುಚ್ಚಿ ಬರೆಯುವಂತೆಯೂ ಇಲ್ಲ. ಪ್ರತಿ ಪ್ಲೇಟು ಕೂರಿಸಿದಾಗಲೂ ಶಾಯಿ ಸಮನಾಗಿ ಬರುವತನಕ ಒಂದಷ್ಟು ಹಾಳೆ ಕೆಡುತ್ತವೆ. ಆಮೇಲೆ ಇನ್ನೂರು ಪ್ರತಿ ತೆಗೆದರೂ ಎರಡು ಸಾವಿರ ತೆಗೆದರೂ ಆ ಕೆಟ್ಟ ಹಾಳೆಗಳು ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಆ ಕಾಗದ ಸ್ಥಿರ ವೆಚ್ಚದ ಪಾಲಿಗೆ ಸೇರಬೇಕು.

ಈಗ ರೂಪಾಯಿ ಹಾಕೋಣ. ಊರಿಂದೂರಿಗೆ, ಪ್ರೆಸ್ಸಿನಿಂದ ಪ್ರೆಸ್ಸಿಗೆ ದರ ಬೇರೆ. ಹಾಗಾಗಿ ಲೆಕ್ಕಕ್ಕೆ ಸಲೀಸಾಗಲಿ ಎಂದು ನಾನೇ ಇಟ್ಟುಕೊಂಡ ಅಂಕಿಗಳಿವು. ಡಿಟಿಪಿ, ಕರಡು, ಮುಖಪುಟ ವಿನ್ಯಾಸ ಸೇರಿ 20,000. ಹದಿನಾರು ಪ್ಲೇಟು ಮಾಡಿ ಯಂತ್ರಕ್ಕೆ ಕೂರಿಸಲು ತಲಾ 1,000ದಂತೆ 16,000. ಸ್ಥಿರ ವೆಚ್ಚ ಒಟ್ಟು 36,000. ಪ್ರತಿಯೊಂದಕ್ಕೆ ಕಾಗದ 30, ಅಚ್ಚುಕೂಲಿ 8, ಹೊದಿಕೆ 7, ಬೈಂಡಿಂಗ್ 15, ಕೂಡಿದರೆ 60. ಲೇಖಕರ ಗೌರವಧನ, ಅಂಗಡಿಯವರ ಕಮಿಷನ್ ಇವೆಲ್ಲ ಮಾರಾಟದ ಲೆಕ್ಕಕ್ಕೆ ಬರುವಂಥವು, ಸದ್ಯ ಅವನ್ನು ಪಕ್ಕಕ್ಕಿಟ್ಟಿದ್ದೇನೆ.

ಒಂದೇ ಪ್ರತಿ ಅಚ್ಚು ಹಾಕಿಸಿದರೆ ಅದರ ವೆಚ್ಚ 36,060 ರೂಪಾಯಿ. ನೂರು ಹಾಕಿಸಿದರೆ ಸ್ಥಿರ ವೆಚ್ಚದ ಪಾಲು ತಲಾ 360ಕ್ಕೆ ಇಳಿದು ಸರಾಸರಿ 420 ಆಗುತ್ತದೆ. ಮುನ್ನೂರಕ್ಕೆ 180. ಸಾವಿರಕ್ಕೆ 96. ಮೂರು ಸಾವಿರಕ್ಕೆ 72. ಪ್ರತಿಗಳ ಸಂಖ್ಯೆಯನ್ನು n ಎಂದು ಕರೆದರೆ ಇಡೀ ಕತೆ ಒಂದು ಸಾಲಿನಲ್ಲಿ ಮುಗಿಯುತ್ತದೆ:

A(n) = 60 + 36000/n

ಈ ಸಾಲಿನಲ್ಲಿ 60 ಅಲುಗಾಡುವುದಿಲ್ಲ. ಆಟವೆಲ್ಲ ಎರಡನೆಯ ಭಾಗದ್ದು. n ಬೆಳೆದಷ್ಟೂ ಅದು ಕರಗುತ್ತ ಹೋಗುತ್ತದೆ, ಆದರೆ ಪೂರ್ತಿ ಸೊನ್ನೆ ಆಗುವುದಿಲ್ಲ. ಕೋಟಿ ಪ್ರತಿ ಹಾಕಿಸಿದರೂ ತಲಾ ಪೈಸೆಯ ಮೂರನೇ ಒಂದು ಪಾಲಿಗಿಂತ ಚೂರು ಹೆಚ್ಚು ಉಳಿದೇ ಇರುತ್ತದೆ. ಹಾಗಾಗಿ ಪುಸ್ತಕದ ಸರಾಸರಿ ವೆಚ್ಚ ಅರವತ್ತರ ಹತ್ತಿರ ಹತ್ತಿರ ಬರುತ್ತದೆಯೇ ಹೊರತು ಅರವತ್ತನ್ನು ಮುಟ್ಟುವುದಿಲ್ಲ. ಗ್ರಾಫಿನಲ್ಲಿ ಬರೆದರೆ, ಎಡಗಡೆ ಗೋಡೆಯಂತೆ ನಿಂತ ಗೆರೆ ಬಲಕ್ಕೆ ಬರುತ್ತ ಬಾಗಿ, 60ರ ಮಟ್ಟದ ಅಡ್ಡಗೆರೆಯ ಮೇಲ್ಗಡೆ ಸಾಗುತ್ತ ಹೋಗುತ್ತದೆ.

ಇದನ್ನೇ ಗಣಿತದಲ್ಲಿ ಮಿತಿ ಅಥವಾ ಲಿಮಿಟ್ ಎನ್ನುತ್ತಾರೆ. ಪಿಯುಸಿಯಲ್ಲಿ ಇದರ ಮುಂದೆ ಬೆವರಿದವರು ಅನೇಕರಿದ್ದಾರೆ, ಆದರೆ ಪ್ರಕಾಶಕರ ಬಾಯಲ್ಲಿ ಇದು ಬಲು ಸರಳವಾದ ಪ್ರಶ್ನೆ. ಅರವತ್ತಕ್ಕೆ ಹತ್ತು ರೂಪಾಯಿ ಹತ್ತಿರಕ್ಕೆ, ಅಂದರೆ ಎಪ್ಪತ್ತಕ್ಕೆ ಬರಬೇಕಾದರೆ ಎಷ್ಟು ಪ್ರತಿ ಹಾಕಿಸಬೇಕು? 36,000ವನ್ನು 10ರಿಂದ ಭಾಗಿಸಿದರೆ 3,600. ಒಂದು ರೂಪಾಯಿ ಹತ್ತಿರಕ್ಕೆ ಬೇಕೇ? 36,000 ಪ್ರತಿ. ಹತ್ತು ಪೈಸೆ ಹತ್ತಿರಕ್ಕೆ? 3,60,000. ನೀವು ಎಷ್ಟೇ ಸಣ್ಣ ಅಂತರ ಹೇಳಿ, ಅದಕ್ಕಿಂತ ಹತ್ತಿರಕ್ಕೆ ತರುವ ಒಂದು ಸಂಖ್ಯೆ ಇದ್ದೇ ಇರುತ್ತದೆ, ಅದರ ಮುಂದಿನ ಯಾವ ಸಂಖ್ಯೆಗೂ ವೆಚ್ಚ ಮತ್ತೆ ದೂರ ಸರಿಯುವುದಿಲ್ಲ. ಮಿತಿ ಎಂಬುದರ ಪೂರ್ತಿ ಅರ್ಥ ಇಷ್ಟೇ.

ಈ ಸೂತ್ರವನ್ನು ಅರ್ಥಶಾಸ್ತ್ರದಲ್ಲಿ ನಿಯಮದ ಮಟ್ಟಕ್ಕೆ ಏರಿಸಿದವರಲ್ಲಿ ಜರ್ಮನಿಯ ಕಾರ್ಲ್ ಬ್ಯೂಷರ್ ಮುಖ್ಯರು. 1910ರಲ್ಲಿ ಅವರು ಪ್ರಕಟಿಸಿದ ಲೇಖನದ ಹೆಸರೇ ‘ಸಾಮೂಹಿಕ ಉತ್ಪಾದನೆಯ ನಿಯಮ’ ಎಂಬ ಅರ್ಥದ್ದು. ಸ್ಥಿರ ವೆಚ್ಚವನ್ನು ಉತ್ಪಾದನೆಯಿಂದ ಭಾಗಿಸು, ಬದಲಾಗುವ ವೆಚ್ಚವನ್ನು ಕೂಡಿಸು, ಅಷ್ಟೇ ಅದರ ತಿರುಳು. ಅವರು ಪಾಠ ಹೇಳುತ್ತಿದ್ದದ್ದು ಲೈಪ್ಜಿಗ್‌ನಲ್ಲಿ, ಜರ್ಮನ್ ಪುಸ್ತಕ ವ್ಯಾಪಾರದ ಕೇಂದ್ರವಾಗಿದ್ದ ಊರಿನಲ್ಲಿ. 1916ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪತ್ರಿಕೆಗಳ ಅಧ್ಯಯನಕ್ಕೆಂದೇ ಒಂದು ಸಂಸ್ಥೆಯನ್ನೂ ಕಟ್ಟಿದರು. ಅಚ್ಚಿನ ಮನೆಗಳ ಮಧ್ಯೆ ಬದುಕಿದ ಮನುಷ್ಯನಿಗೆ ಈ ಲೆಕ್ಕ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ ಎಂದು ನನಗನ್ನಿಸುತ್ತದೆ.

ಇಳಿಕೆ ಎಲ್ಲ ಕಡೆಯೂ ಒಂದೇ ವೇಗದಲ್ಲಿ ಆಗುವುದಿಲ್ಲ ಎಂಬುದನ್ನು ಮಾತ್ರ ಎಷ್ಟು ಒತ್ತಿ ಹೇಳಿದರೂ ಸಾಲದು. ನೂರು ಪ್ರತಿಯ ಜಾಗದಲ್ಲಿ ನೂರ ಒಂದು ಹಾಕಿಸಿದರೆ ಸರಾಸರಿ ವೆಚ್ಚ ಸುಮಾರು ಮೂರೂವರೆ ರೂಪಾಯಿ ಇಳಿಯುತ್ತದೆ. ಸಾವಿರದ ಜಾಗದಲ್ಲಿ ಸಾವಿರದ ಒಂದು ಹಾಕಿಸಿದರೆ ಇಳಿಯುವುದು ಸುಮಾರು ಮೂರೂವರೆ ಪೈಸೆ. ಪ್ರತಿಗಳು ಹತ್ತು ಪಟ್ಟಾದರೆ ಇಳಿಕೆಯ ವೇಗ ನೂರನೇ ಒಂದು ಪಾಲಾಗುತ್ತದೆ. ಅಗ್ಗವಾಗುವ ಭಾಗ್ಯವೆಲ್ಲ ಮೊದಲ ಕೆಲವು ನೂರು ಪ್ರತಿಗಳಲ್ಲೇ ಖರ್ಚಾಗಿಬಿಡುತ್ತದೆ. ನೂರರಿಂದ ಸಾವಿರಕ್ಕೆ ಹೋಗುವಾಗ 420 ಇದ್ದದ್ದು 96 ಆಯಿತು, ಅಂದರೆ 324 ರೂಪಾಯಿ ಇಳಿಯಿತು. ಸಾವಿರದಿಂದಾಚೆ ಲಕ್ಷಕ್ಕೇ ಹೋದರೂ ಇನ್ನು ಇಳಿಯಬಹುದಾದದ್ದು 36 ರೂಪಾಯಿಯ ಒಳಗೆ. ಸಾವಿರ ಪ್ರತಿ ಎಂಬುದು ನಮ್ಮಲ್ಲಿ ಬಹುಕಾಲ ರೂಢಿಯಾಗಿ ನಿಂತದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಪ್ರೆಸ್ಸಿನಲ್ಲಿ ಕೇಳಿಬರುವ ಮಾತು ಬೇರೆ ಥರದ್ದು. ಯಂತ್ರ ಓಡುತ್ತಿರುವಾಗ ಮುದ್ರಕರು ಹೇಳುತ್ತಾರೆ: “ಹೆಂಗೂ ಪ್ಲೇಟ್ ಕೂತಿದೆ ಸಾರ್, ಇನ್ನೊಂದು ಐನೂರು ಹಾಕಿಸಿಬಿಡಿ, ರೇಟು ಇಳಿಯುತ್ತೆ.” ಅವರು ಹೇಳುವುದು ಸುಳ್ಳಲ್ಲ. ಸಾವಿರಕ್ಕೆ ಒಟ್ಟು ವೆಚ್ಚ 96,000, ಸಾವಿರದೈನೂರಕ್ಕೆ 1,26,000. ಸರಾಸರಿ 96ರಿಂದ 84ಕ್ಕೆ ಇಳಿಯಿತು. ಪ್ರಕಾಶಕರ ಕಿವಿಗೆ ಬಿದ್ದದ್ದು ‘ಪ್ರತಿಗೆ 12 ರೂಪಾಯಿ ಉಳಿತಾಯ’. ಜೇಬಿನಿಂದ ಹೋದದ್ದು ಮಾತ್ರ ಹೆಚ್ಚಿನ 30,000. ಆ ಐನೂರು ಪ್ರತಿ ಮಾರಾಟವಾಗುವವರೆಗೆ ಉಳಿತಾಯ ಎಂಬುದು ಕಾಗದದ ಮೇಲಿನ ಅಂಕಿ, ಗೋಡೌನಿನಲ್ಲಿ ಕಟ್ಟು ಕಟ್ಟಾಗಿ ಕುಳಿತ ಪುಸ್ತಕಗಳೇ ವಾಸ್ತವ.

ಸರಾಸರಿ ಮೋಸ ಮಾಡುವುದು ಇಲ್ಲಿಯೇ. ನಮ್ಮ ಸೂತ್ರ ಅಚ್ಚಾದ ಪ್ರತಿಗಳಿಂದ ಭಾಗಿಸುತ್ತದೆ, ಹಣ ಬರುವುದು ಮಾರಾಟವಾದ ಪ್ರತಿಗಳಿಂದ. ಆ ಕಾದಂಬರಿ 800 ಪ್ರತಿ ಮಾತ್ರ ಹೋಯಿತು ಎನ್ನಿ. ಸಾವಿರ ಹಾಕಿಸಿದ್ದವರಿಗೆ 96,000ವನ್ನು 800ರಿಂದ ಭಾಗಿಸಿ, ಮಾರಿದ ಪ್ರತಿಯೊಂದಕ್ಕೆ 120 ಬಿತ್ತು. ‘72ಕ್ಕೇ ಸಿಗುತ್ತದಲ್ಲ’ ಎಂದು ಮೂರು ಸಾವಿರ ಹಾಕಿಸಿದವರ ಒಟ್ಟು ವೆಚ್ಚ 2,16,000. ಅದನ್ನು 800ರಿಂದ ಭಾಗಿಸಿ, 270. ಅಗ್ಗದ ಆಸೆಗೆ ಹೋದವರ ಪುಸ್ತಕವೇ ಎರಡು ಪಟ್ಟಿಗಿಂತ ಹೆಚ್ಚು ದುಬಾರಿಯಾಯಿತು. ಅರವತ್ತರ ಗೆರೆ ಕೆಳಗಿಂದ ಕರೆಯುತ್ತಲೇ ಇರುತ್ತದೆ, ಅದರ ಕರೆಗೆ ಓಗೊಡುವ ಮೊದಲು ಓದುಗರು ಎಷ್ಟು ಮಂದಿ ಎಂದು ಎಣಿಸಿಕೊಳ್ಳುವುದು ಲೇಸು.

ಸರಾಸರಿಯ ಮೇಲೆಯೇ ಕಣ್ಣಿಟ್ಟವರು ಇದಕ್ಕೆ ತಿರುವುಮುರುವಾದ ತಪ್ಪನ್ನೂ ಮಾಡುತ್ತಾರೆ. ಸಾವಿರ ಪ್ರತಿ ಅಚ್ಚಿಗೆ ಹೋಗುವ ಹಿಂದಿನ ದಿನ ಒಂದು ಸಂಘದವರು ಬಂದು ‘ನಮಗೆ 200 ಪ್ರತಿ ಬೇಕು, 75 ರೂಪಾಯಿಯಂತೆ ಕೊಡುತ್ತೀರಾ’ ಎಂದು ಕೇಳಿದರು. ಸರಾಸರಿ 96 ಇರುವಾಗ 75ಕ್ಕೆ ಕೊಟ್ಟರೆ ನಷ್ಟವಲ್ಲವೇ ಎಂದು ಪ್ರಕಾಶಕರಿಗೆ ಅನ್ನಿಸುವುದು ಸಹಜ. ಆದರೆ ಆ ಇನ್ನೂರು ಪ್ರತಿಗಾಗಿ ಹೊಸದಾಗಿ ಆಗುವ ಖರ್ಚು ತಲಾ 60 ಮಾತ್ರ, 12,000. ಬರುವುದು 15,000. ಮೂರು ಸಾವಿರ ಲಾಭ. ಇನ್ನೊಂದು ಪ್ರತಿಗೆ ಎಷ್ಟು ಹೆಚ್ಚು ಬೀಳುತ್ತದೆ ಎಂಬ ಲೆಕ್ಕವನ್ನು ಅರ್ಥಶಾಸ್ತ್ರದವರು ಸೀಮಾಂತ ವೆಚ್ಚ ಎನ್ನುತ್ತಾರೆ. ನಮ್ಮ ಮಾದರಿಯಲ್ಲಿ ಅದು ಎಲ್ಲ ಕಡೆಯೂ 60. ಸರಾಸರಿ ಇಳಿಯುತ್ತ ಇಳಿಯುತ್ತ ಹೋಗುವ ಗುರಿಯೂ ಅದೇ 60.

ಅದೇ ಸಂಘದವರು ಪುಸ್ತಕವೆಲ್ಲ ಮುಗಿದ ಮೇಲೆ ಬಂದಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಆಗ 16 ಪ್ಲೇಟನ್ನು ಮತ್ತೆ ಮಾಡಿಸಿ ಕೂರಿಸಬೇಕು. 200 ಪ್ರತಿಗೆ ಆ 16,000 ಹಂಚಿದರೆ ತಲಾ 80, ಜೊತೆಗೆ 60, ಒಟ್ಟು 140. ಎಪ್ಪತ್ತೈದಕ್ಕೆ ಕೊಡುವ ಮಾತೇ ಇಲ್ಲ. ಇನ್ನು ಎಲ್ಲ ಗಿರಾಕಿಗಳಿಗೂ 75ರಂತೆ ಕೊಟ್ಟರೆ? ಆಗ 36,000ವನ್ನು ಹೊರುವವರು ಯಾರೂ ಇರುವುದಿಲ್ಲ. ಪ್ರತಿಯೊಂದರಲ್ಲಿ ಉಳಿಯುವ 15 ರೂಪಾಯಿಯಿಂದ ಅದನ್ನು ತೀರಿಸಲು 2,400 ಪ್ರತಿ ಮಾರಬೇಕಾಗುತ್ತದೆ.

ನಿಮ್ಮದೇ ಪುಸ್ತಕಕ್ಕೆ ಈ ಎರಡು ಅಂಕಿ ಎಷ್ಟೆಷ್ಟು ಎಂದು ತಿಳಿಯುವುದು ಹೇಗೆ? ಮುದ್ರಕರು ಸ್ಥಿರ, ಬದಲಾಗುವ ಎಂದು ಬಿಡಿಸಿ ಬಿಲ್ಲು ಬರೆಯುವುದಿಲ್ಲ. ಎರಡು ಕೊಟೇಶನ್ ತರಿಸಿದರೆ ಸಾಕು. ಪುಟ ಕಟ್ಟಿದ ಫೈಲು ನೀವೇ ಕೊಡುತ್ತೀರಿ, ಅಚ್ಚು ಮತ್ತು ಬೈಂಡಿಂಗ್ ಮಾತ್ರ ಅವರದು ಎನ್ನಿ. ಸಾವಿರಕ್ಕೆ 76,000, ಎರಡು ಸಾವಿರಕ್ಕೆ 1,36,000 ಎಂದು ಬರೆದುಕೊಟ್ಟರು. ವ್ಯತ್ಯಾಸ 60,000, ಅದು ಸಾವಿರ ಪ್ರತಿಯದು, ಆದ್ದರಿಂದ ಪ್ರತಿಗೆ 60. ಸಾವಿರ ಪ್ರತಿಯ 60,000ವನ್ನು 76,000ದಲ್ಲಿ ಕಳೆದರೆ ಉಳಿದ 16,000 ಸ್ಥಿರ ವೆಚ್ಚ.

ಇಲ್ಲಿಗೆ ನಿಲ್ಲಿಸದೆ 500 ಪ್ರತಿಗೂ ಒಂದು ಕೊಟೇಶನ್ ಕೇಳುವುದು ಒಳ್ಳೆಯದು. ನಮ್ಮ ಸೂತ್ರದ ಪ್ರಕಾರ ಅದು 46,000 ಬರಬೇಕು. 50,000 ಬಂದರೆ ಗಾಬರಿಯಾಗಬೇಕಿಲ್ಲ, ಮುದ್ರಕರು ಮೋಸ ಮಾಡಿದರು ಎಂದೂ ಅಲ್ಲ. ಅನೇಕ ಪ್ರೆಸ್ಸುಗಳಲ್ಲಿ ಅಚ್ಚುಕೂಲಿಯ ಲೆಕ್ಕ ಸಾವಿರದಲ್ಲಿ ನಡೆಯುತ್ತದೆ. ಮೊದಲ ಸಾವಿರಕ್ಕೆ ಇಷ್ಟು, ಅದರೊಳಗೆ ಎಷ್ಟು ತೆಗೆಸಿದರೂ ಅಷ್ಟೇ ಎಂಬ ಕನಿಷ್ಠ ದರ. ಪ್ರತಿಗೆ 8 ರೂಪಾಯಿ ಎಂದುಕೊಂಡಿದ್ದೆವಲ್ಲ, ಆ ಕೂಲಿ ಸಾವಿರ ಪ್ರತಿಗೆ 8,000. ಐನೂರು ಹಾಕಿಸಿದರೂ ಅದೇ 8,000 ಹಿಡಿದಿದ್ದಾರೆ. ಹೆಚ್ಚಾದ ನಾಲ್ಕು ಸಾವಿರದ ಮೂಲ ಅಲ್ಲಿದೆ. ಪುಸ್ತಕದಲ್ಲಿ ನುಣ್ಣಗೆ ಕಾಣುವ ಗೆರೆ ಪ್ರೆಸ್ಸಿನಲ್ಲಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಸಾವಿರದ ರೂಢಿಗೆ ಇನ್ನೊಂದು ಕಾರಣವೂ ಇಲ್ಲಿ ಸಿಕ್ಕಿತು.

ಬಲತುದಿಯಲ್ಲಿಯೂ ಗೆರೆ ನಾವು ಬರೆದಂತೆ ಇರುವುದಿಲ್ಲ. ಬಹಳ ದೊಡ್ಡ ಸಂಖ್ಯೆಗೆ ಹೋದರೆ ಪ್ಲೇಟು ಸವೆಯುತ್ತದೆ, ಹೊಸದು ಬೇಕಾಗುತ್ತದೆ, ಸ್ಥಿರ ಎಂದದ್ದು ಒಮ್ಮೆಲೇ ಮೇಲೇರುತ್ತದೆ. ಕಾಗದವನ್ನು ಹೆಚ್ಚು ಕೊಂಡರೆ ದರ ಇಳಿಯಬಹುದು, ಆಗ ಅರವತ್ತೇ ಐವತ್ತೈದಾಗಿ ಮಿತಿಯ ಗೆರೆಯೇ ಕೆಳಗೆ ಜಾರುತ್ತದೆ. ಇಡಲು ಜಾಗ ಸಾಲದೆ ಗೋಡೌನು ಬಾಡಿಗೆಗೆ ಹಿಡಿದರೆ ಗೆರೆ ಮತ್ತೆ ಮೇಲಕ್ಕೆ ತಿರುಗುತ್ತದೆ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಸರಾಸರಿ ವೆಚ್ಚದ ಚಿತ್ರ ಬಟ್ಟಲಿನ ಆಕಾರದಲ್ಲಿ ಇರುವುದು ಇಂಥ ಕಾರಣಗಳಿಂದ. ಆದರೂ ಐನೂರರಿಂದ ಐದು ಸಾವಿರದವರೆಗಿನ ಸಾಮಾನ್ಯ ಪುಸ್ತಕದ ವ್ಯವಹಾರಕ್ಕೆ ನಮ್ಮ ಒಂದು ಸಾಲಿನ ಸೂತ್ರ ಧಾರಾಳ ಸಾಕು.

ಅಕ್ಷರದ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗಿತ್ತು. ಒಂದು ಫಾರಂ ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಮತ್ತೆ ಕೇಸುಗಳಿಗೆ ಹಾಕುತ್ತಿದ್ದರು, ಮುಂದಿನ ಫಾರಂ ಕಟ್ಟಲು ಅವೇ ಬೇಕಾಗುತ್ತಿದ್ದವು. ಎರಡನೆಯ ಮುದ್ರಣ ಎಂದರೆ ಜೋಡಣೆ, ಕರಡು ಎಲ್ಲವೂ ಮೊದಲಿನಿಂದ. ಹಾಗಾಗಿ ಒಮ್ಮೆಗೇ ಹೆಚ್ಚು ತೆಗೆದಿಟ್ಟುಕೊಳ್ಳುವುದರಲ್ಲಿ ಅರ್ಥವಿತ್ತು. ಈಗ ಪುಟಗಳು ಕಂಪ್ಯೂಟರಿನಲ್ಲಿ ಉಳಿದಿರುತ್ತವೆ. ಎರಡನೆಯ ಮುದ್ರಣಕ್ಕೆ 20,000ದ ಭಾರ ಇಲ್ಲ, 16,000 ಮಾತ್ರ. ಮರುಮುದ್ರಣದ ಸಾವಿರ ಪ್ರತಿಗೆ ಸರಾಸರಿ 76. ಮೊದಲ ಸಲವೇ 76ಕ್ಕೆ ಇಳಿಸಬೇಕೆಂದಿದ್ದರೆ 2,250 ಪ್ರತಿ ಹಾಕಿಸಬೇಕಾಗುತ್ತಿತ್ತು.

ಈಚೆಗೆ ಡಿಜಿಟಲ್ ಮುದ್ರಣ ಬಂದು ಇನ್ನೊಂದು ಗೆರೆಯನ್ನು ಈ ಚಿತ್ರಕ್ಕೆ ಸೇರಿಸಿದೆ. ಇದಕ್ಕೆ ಪ್ಲೇಟು ಬೇಡ, ಫೈಲಿನಿಂದ ನೇರ ಹಾಳೆಗೆ. ಸ್ಥಿರ ವೆಚ್ಚ 20,000ದ ಡಿಟಿಪಿಯಷ್ಟೇ. ಆದರೆ ಪ್ರತಿಗೆ ತಗಲುವುದು ಹೆಚ್ಚು, ನೂರು ರೂಪಾಯಿ ಎನ್ನೋಣ. ನೂರು ಪ್ರತಿಗೆ ಡಿಜಿಟಲ್‌ನಲ್ಲಿ ಸರಾಸರಿ 300, ಆಫ್‌ಸೆಟ್‌ನಲ್ಲಿ 420. ಸಾವಿರಕ್ಕೆ ಡಿಜಿಟಲ್ 120, ಆಫ್‌ಸೆಟ್ 96. ಒಂದು ಗೆರೆ ನೂರರ ಮಿತಿಗೆ ಬೇಗ ಹತ್ತಿರವಾಗುತ್ತದೆ, ಇನ್ನೊಂದು ಅರವತ್ತರ ಮಿತಿಗೆ ನಿಧಾನವಾಗಿ. ಎರಡೂ ಅಡ್ಡ ಹಾಯುವ ಜಾಗ ಕಂಡುಹಿಡಿಯಲು ಪ್ಲೇಟಿನ 16,000ವನ್ನು ಪ್ರತಿಯೊಂದರ ವ್ಯತ್ಯಾಸವಾದ 40ರಿಂದ ಭಾಗಿಸಬೇಕು. 400 ಪ್ರತಿ. ಅಲ್ಲಿ ಎರಡಕ್ಕೂ ಸರಾಸರಿ 150. ಅದಕ್ಕಿಂತ ಕಡಿಮೆಗೆ ಡಿಜಿಟಲ್, ಹೆಚ್ಚಿಗೆ ಆಫ್‌ಸೆಟ್. ಕನಿಷ್ಠ ದರದ ಮೆಟ್ಟಿಲನ್ನು ಲೆಕ್ಕಕ್ಕೆ ಹಿಡಿದರೆ ಈ ಅಂಚು 400ರಿಂದ ಸ್ವಲ್ಪ ಮುಂದಕ್ಕೆ, 500ಕ್ಕೆ ಸರಿಯುತ್ತದೆ.

ಎಷ್ಟು ಹೋಗುತ್ತದೆ ಎಂಬ ಅಂದಾಜೇ ಇಲ್ಲದ ಹೊಸ ಲೇಖಕರ ಪುಸ್ತಕ ಬಂದಾಗ ಕೆಲವು ಪ್ರಕಾಶಕರು ಎರಡನ್ನೂ ಬಳಸುತ್ತಾರೆ. ಮೊದಲು ಡಿಜಿಟಲ್‌ನಲ್ಲಿ 300 ಪ್ರತಿ. 50,000 ಖರ್ಚು, ತಲಾ 167ರ ಹತ್ತಿರ. ದುಬಾರಿಯೇ. ಅವು ಬೇಗ ಖಾಲಿಯಾದರೆ ಆಫ್‌ಸೆಟ್‌ನಲ್ಲಿ ಸಾವಿರ, 76,000. ಒಟ್ಟು 1,300 ಪ್ರತಿಗೆ 1,26,000. ಅಷ್ಟನ್ನೂ ಮೊದಲ ದಿನವೇ ಆಫ್‌ಸೆಟ್‌ಗೆ ಹಾಕಿದ್ದರೆ 1,14,000ಕ್ಕೆ ಮುಗಿಯುತ್ತಿತ್ತು. ಹನ್ನೆರಡು ಸಾವಿರ ಹೆಚ್ಚು ತೆತ್ತಂತಾಯಿತು. ಪುಸ್ತಕ 300ಕ್ಕೇ ನಿಂತುಬಿಟ್ಟಿದ್ದರೆ ಅದೇ ಪ್ರಕಾಶಕರ ಕೈಯಿಂದ ಹೋದದ್ದು 1,14,000ದ ಬದಲು 50,000. ಆ ಹನ್ನೆರಡು ಸಾವಿರವನ್ನು ಅವರು ಮುದ್ರಣದ ಖರ್ಚಿಗೆ ಬರೆಯುತ್ತಾರೋ ವಿಮೆಯ ಕಂತಿಗೆ ಬರೆಯುತ್ತಾರೋ ಅವರವರ ಇಷ್ಟ.